360 ಚದರ ಅಡಿ ಹಾಲ್‌ಗೆ ಅಡ್ಹೆಸಿವ್, ಗ್ರೌಟ್ ಮತ್ತು ಗಾರೆ ಹಾಸಿನ ಲೆಕ್ಕ: ಒಂದು ಪ್ರಕರಣ ಅಧ್ಯಯನ

ದಾವಣಗೆರೆಯಲ್ಲಿ 30×40 ಅಡಿ ನಿವೇಶನದ ಒಂದು ಮನೆಯ ಮೊದಲ ಮಹಡಿಯಲ್ಲಿ, ಹಾಲ್ ಮತ್ತು ಊಟದ ಜಾಗ ಸೇರಿ 24 ಅಡಿ ಉದ್ದ, 15 ಅಡಿ ಅಗಲದ ನೆಲಕ್ಕೆ ಟೈಲ್ಸ್ ಹಾಕುವ ಕೆಲಸವೇ ಈ ಅಧ್ಯಯನದ ವಿಷಯ. ಮನೆಯವರು ಆರಿಸಿಕೊಂಡಿದ್ದು 600×1200 ಮಿಮೀ ಅಳತೆಯ, 9 ಮಿಮೀ ದಪ್ಪದ ವಿಟ್ರಿಫೈಡ್ ಟೈಲ್. ಕೆಲಸ ಶುರುವಾಗುವ ಮೊದಲೇ ಅವರ ಕೈಯಲ್ಲಿ ಒಂದಕ್ಕೊಂದು ತಾಳೆಯಾಗದ ಎರಡು ಲೆಕ್ಕಗಳಿದ್ದವು. ಎರಡು ಇಂಚು ಗಾರೆ ಹಾಸು ಹಾಕಿ, ಮೇಲೆ ಸಿಮೆಂಟ್ ಸ್ಲರಿ ಸುರಿದು, ಸಂದೇ ಕಾಣದಂತೆ ಟೈಲ್ ಜೋಡಿಸಿದರೆ 12 ಚೀಲ ಸಿಮೆಂಟಿನಲ್ಲಿ ಕೆಲಸ ಮುಗಿಯುತ್ತದೆ ಎಂಬುದು ಮೇಸ್ತ್ರಿಯ ಮಾತು. ಗಾರೆ ಹಾಸೇ ಬೇಡ, ಟೈಲ್ ಅಂಟಿಸುವ ಅಡ್ಹೆಸಿವ್ 20 ಕೆಜಿಯ 7 ಚೀಲ ಸಾಕು ಎಂಬುದು ಟೈಲ್ಸ್ ಅಂಗಡಿಯವರ ಮಾತು. ಈ ಎರಡರಲ್ಲಿ ಯಾವುದು ಸರಿ ಎಂದು ನೋಡಿ ಹೇಳುವುದು ನನ್ನ ಪಾಲಿಗೆ ಬಂತು.

ಅಂಗಡಿಯವರ ಲೆಕ್ಕದ ಮೂಲ ಚೀಲದ ಮೇಲೆಯೇ ಇರುತ್ತದೆ. ಸಿಮೆಂಟ್ ಆಧಾರಿತ ಅಡ್ಹೆಸಿವ್ ಒಂದು ಚದರ ಮೀಟರಿಗೆ, ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 1.3ರಿಂದ 1.5 ಕೆಜಿ ಒಣಪುಡಿ ಹಿಡಿಯುತ್ತದೆ. 1.4 ಎಂದು ಇಟ್ಟುಕೊಂಡು 3 ಮಿಮೀ ದಪ್ಪ ಹಿಡಿದರೆ ಚದರ ಮೀಟರಿಗೆ 4.2 ಕೆಜಿ ಆಗುತ್ತದೆ. ನಮ್ಮ ನೆಲ 360 ಚದರ ಅಡಿ, ಅಂದರೆ 33.4 ಚದರ ಮೀಟರ್. ಅದಕ್ಕೆ 140 ಕೆಜಿ, ಸರಿಯಾಗಿ 7 ಚೀಲ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಈ ಗುಣಾಕಾರದೊಳಗೆ ಎರಡು ಊಹೆಗಳು ಸೇರಿಕೊಂಡಿವೆ: ಟೈಲ್‌ನ ಅಡಿಯಲ್ಲಿ 3 ಮಿಮೀ ಅಡ್ಹೆಸಿವ್ ಸಾಕು ಎಂಬುದು ಒಂದು, ನೆಲ ಗಾಜಿನ ಹಾಗೆ ಸಮತಟ್ಟಾಗಿದೆ ಎಂಬುದು ಇನ್ನೊಂದು. ಈ ಮನೆಯಲ್ಲಿ ಎರಡೂ ನಿಲ್ಲಲಿಲ್ಲ.

ನೆಲದ ಮಟ್ಟವನ್ನು ಅಳೆದದ್ದು

ಅಡ್ಹೆಸಿವ್‌ನ ಲೆಕ್ಕವನ್ನು ಟೈಲ್‌ನಿಂದಲ್ಲ, ನೆಲದಿಂದಲೇ ಆರಂಭಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಆದ್ದರಿಂದ ನೀರು ತುಂಬಿದ ಟ್ಯೂಬ್ ಹಿಡಿದು ನಾಲ್ಕೂ ಗೋಡೆಗಳ ಮೇಲೆ ಒಂದೇ ಮಟ್ಟದ ಗೆರೆ ಹೊಡೆಸಿ, ಆ ಗೆರೆಯ ಮಟ್ಟದಲ್ಲಿ ಗೋಡೆಯಿಂದ ಗೋಡೆಗೆ ದಾರ ಕಟ್ಟಿಸಿದೆ. ನೆಲವನ್ನು ಮೂರು ಮೂರು ಅಡಿಯ ಚೌಕಗಳಾಗಿ ಗುರುತಿಸಿ, ಪ್ರತಿ ಚೌಕದ ಮಧ್ಯದಲ್ಲಿ ದಾರದಿಂದ ಸ್ಲ್ಯಾಬ್‌ವರೆಗಿನ ಆಳವನ್ನು ಬರೆದುಕೊಂಡೆವು. 40 ಅಳತೆಗಳು ಸಿಕ್ಕವು. ಅತಿ ಎತ್ತರದ ಜಾಗದಲ್ಲಿ ಆಳ 988 ಮಿಮೀ, ಅತಿ ತಗ್ಗಿನ ಜಾಗದಲ್ಲಿ 1010 ಮಿಮೀ, ಎಲ್ಲದರ ಸರಾಸರಿ 999 ಮಿಮೀ ಇತ್ತು. ಅಂದರೆ ಸ್ಲ್ಯಾಬ್‌ನ ಒಂದು ತುದಿಗೂ ಇನ್ನೊಂದು ಜಾಗಕ್ಕೂ 22 ಮಿಮೀ ವ್ಯತ್ಯಾಸ. ಅತಿ ಎತ್ತರದ ಬಿಂದುವಿಗೆ ಹೋಲಿಸಿದರೆ ನೆಲ ಸರಾಸರಿ 11 ಮಿಮೀ ಕೆಳಗಿದೆ. ಕೈಯಿಂದ ಎಳೆದು ಬಿಟ್ಟ ಸ್ಲ್ಯಾಬ್‌ಗೆ ಇದು ಅಸಾಮಾನ್ಯವೇನಲ್ಲ. ಈ ಅಳತೆಗೆ ಅರ್ಧ ದಿನವೂ ಹಿಡಿಯುವುದಿಲ್ಲ, ಆದರೂ ಮನೆ ಕಟ್ಟುವವರಲ್ಲಿ ಇದನ್ನು ಮಾಡಿಸುವವರು ಕಡಿಮೆ.

ಈಗ ಅಂಗಡಿಯವರ ಸಲಹೆಯಂತೆ ಈ ಸ್ಲ್ಯಾಬ್ ಮೇಲೆ ನೇರವಾಗಿ ಅಡ್ಹೆಸಿವ್ ಹಾಕಿದ್ದರೆ ಏನಾಗುತ್ತಿತ್ತು ಎಂದು ನೋಡೋಣ. ಎತ್ತರದ ಬಿಂದುವಿನಲ್ಲಿ 5 ಮಿಮೀ ಹಾಕಿದರೂ ಸರಾಸರಿ ದಪ್ಪ 5ಕ್ಕೆ 11 ಸೇರಿ 16 ಮಿಮೀ ಆಗುತ್ತದೆ. 33.4ನ್ನು 16ರಿಂದಲೂ 1.4ರಿಂದಲೂ ಗುಣಿಸಿದರೆ 748 ಕೆಜಿ, ಸುಮಾರು 37 ಚೀಲ. 7 ಚೀಲ ತಂದಿಟ್ಟುಕೊಂಡ ಕೆಲಸದಲ್ಲಿ 37 ಚೀಲ ಬೇಕಾಗುತ್ತದೆ ಎಂದು ಗೊತ್ತಾಗುವುದು ಹಾಲ್‌ನ ಐದರಲ್ಲಿ ಒಂದು ಭಾಗ ಮುಗಿದ ಮೇಲೆ. ಆಗ ನಡೆಯುವುದು ಒಂದೇ: ಟೈಲ್‌ನ ಬೆನ್ನಿಗೆ ನಾಲ್ಕು ಮೂಲೆಗೊಂದೊಂದು, ಮಧ್ಯಕ್ಕೊಂದು ಎಂದು ಮುದ್ದೆ ಇಟ್ಟು ಒತ್ತಿ ಮಟ್ಟ ಮಾಡಿಕೊಳ್ಳುವುದು. ಚೀಲ ಉಳಿಯುತ್ತದೆ, ಟೈಲ್‌ನ ಅರ್ಧಕ್ಕೂ ಹೆಚ್ಚು ಭಾಗ ಗಾಳಿಯ ಮೇಲೆ ನಿಲ್ಲುತ್ತದೆ. ಮುಂದೆ ಯಾವುದೋ ಒಂದು ದಿನ ಮಂಚದ ಕಾಲು ಅಥವಾ ಬೀರುವಿನ ಮೂಲೆ ಆ ಟೊಳ್ಳಿನ ಮೇಲೆ ಭಾರ ಬಿಟ್ಟಾಗ ಟೈಲ್ ಒಡೆಯುತ್ತದೆ. 27 ಮಿಮೀ ಆಳದ ತಗ್ಗನ್ನು ಪೂರ್ತಿ ಅಡ್ಹೆಸಿವ್‌ನಿಂದಲೇ ತುಂಬಿದರೂ ಅದು ಒಳ್ಳೆಯದಲ್ಲ. ತೆಳುವಾಗಿ ಹಚ್ಚಲೆಂದೇ ತಯಾರಾದ ಈ ಪುಡಿಯಲ್ಲಿ ಸಿಮೆಂಟಿನ ಪಾಲು ಹೆಚ್ಚು. ದಪ್ಪವಾಗಿ ಹಾಕಿದಾಗ ಅದು ಕುಗ್ಗುತ್ತದೆ, ವಿಟ್ರಿಫೈಡ್ ಟೈಲ್‌ನ ಅಡಿಯಲ್ಲಿ ನೀರು ಹೊರಹೋಗಲು ದಾರಿಯಿಲ್ಲದೆ ಮಧ್ಯಭಾಗ ಬಹುಕಾಲ ಹಸಿಯಾಗಿಯೇ ಉಳಿಯುತ್ತದೆ, ಹೊತ್ತಿಗೆ ಸರಿಯಾಗಿ ಮಟ್ಟ ಮಾಡಿದ ಟೈಲ್ ಮರುದಿನ ತುಸು ಕೆಳಗಿಳಿದಿರುತ್ತದೆ.

ಗಾರೆ ಹಾಸಿನ ಲೆಕ್ಕ, ಅದರ ತೂಕ

ಮೇಸ್ತ್ರಿಯ ಕ್ರಮಕ್ಕೆ ತನ್ನದೇ ಆದ ತರ್ಕವಿದೆ, ಅದನ್ನು ಗೌರವದಿಂದಲೇ ನೋಡಬೇಕು. ಗಾರೆ ಹಾಸು ಎರಡು ಕೆಲಸವನ್ನು ಒಮ್ಮೆಗೇ ಮಾಡುತ್ತದೆ: ನೆಲದ ಏರುತಗ್ಗನ್ನು ನುಂಗುತ್ತದೆ, ಟೈಲ್‌ಗೆ ಹಾಸಿಗೆಯೂ ಆಗುತ್ತದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ನೆಲದ ಟೈಲ್‌ಗೆ 20 ಮಿಮೀ ದಪ್ಪದ 1:4 ಗಾರೆ, ಮೇಲೆ ಚದರ ಮೀಟರಿಗೆ 3.3 ಕೆಜಿ ಸಿಮೆಂಟಿನ ಸ್ಲರಿ ಎಂಬ ವಿವರಣೆ ಬಹುಕಾಲದಿಂದ ಇದೆ. ಮನೆಗಳಲ್ಲಿ ನಡೆಯುವುದು ಬೇರೆ. ಇಲ್ಲಿ ಅದು 1:6ರ ಪುಡಿಗಾರೆ, ದಪ್ಪ ಎರಡು ಇಂಚಿನ ಸುತ್ತ.

ಈ ಮನೆಯಲ್ಲಿ ಸ್ಲ್ಯಾಬ್‌ನ ಎತ್ತರದ ಬಿಂದುವಿನಿಂದ ಟೈಲ್‌ನ ಮೇಲ್ಮೈವರೆಗೆ 50 ಮಿಮೀ ಬಿಡಬೇಕೆಂದು ಮೊದಲೇ ತೀರ್ಮಾನವಾಗಿತ್ತು. ಅದರಲ್ಲಿ ಟೈಲ್‌ನ 9 ಮಿಮೀ ಕಳೆದರೆ ಗಾರೆಗೆ 41 ಮಿಮೀ. ಸರಾಸರಿ ತಗ್ಗು 11 ಮಿಮೀ ಸೇರಿಸಿದರೆ ಗಾರೆಯ ಸರಾಸರಿ ದಪ್ಪ 52 ಮಿಮೀ. 33.4 ಚದರ ಮೀಟರಿಗೆ ಇದು 1.74 ಘನ ಮೀಟರ್ ಹಸಿ ಗಾರೆ. ಒಣ ಸಾಮಗ್ರಿ ಕಲಸಿದಾಗ ಗಾತ್ರ ಕಡಿಮೆಯಾಗುವುದರಿಂದ ಇದನ್ನು 1.33ರಿಂದ ಗುಣಿಸಿ 2.31 ಘನ ಮೀಟರ್ ಎಂದು ಹಿಡಿಯಬೇಕು. ಏಳು ಪಾಲಿನಲ್ಲಿ ಒಂದು ಪಾಲು ಸಿಮೆಂಟ್ ಎಂದರೆ 0.33 ಘನ ಮೀಟರ್, ತೂಕದಲ್ಲಿ 475 ಕೆಜಿ, ಒಂಬತ್ತೂವರೆ ಚೀಲ. ಉಳಿದ ಆರು ಪಾಲು ಎಂ-ಸ್ಯಾಂಡ್, ಸುಮಾರು 70 ಘನ ಅಡಿ. ಸ್ಲರಿಗೆ 110 ಕೆಜಿ, ಎರಡು ಚೀಲಕ್ಕಿಂತ ಸ್ವಲ್ಪ ಹೆಚ್ಚು. ಒಟ್ಟು 12 ಚೀಲ ಎಂಬ ಮೇಸ್ತ್ರಿಯ ಬಾಯಿಲೆಕ್ಕ ಕಾಗದದ ಲೆಕ್ಕಕ್ಕೆ ಸರಿಯಾಗಿ ಕೂತಿತು. ವರ್ಷಗಟ್ಟಲೆ ಕೈಯಲ್ಲಿ ಮಾಡಿದವರ ಅಂದಾಜು ಹಾಗೆಯೇ ಇರುತ್ತದೆ.

ತೊಡಕಿದ್ದದ್ದು ಚೀಲಗಳಲ್ಲಲ್ಲ, ತೂಕ ಮತ್ತು ಅಂಟಿನಲ್ಲಿ. ಸಿಮೆಂಟ್ ಗಾರೆ ಘನ ಮೀಟರಿಗೆ ಸುಮಾರು 2080 ಕೆಜಿ ತೂಗುತ್ತದೆ. 52 ಮಿಮೀ ಹಾಸು ಚದರ ಮೀಟರಿಗೆ 108 ಕೆಜಿ ಭಾರ; ಟೈಲ್‌ನದು ಇನ್ನೂ 20 ಕೆಜಿ. ವಾಸದ ಮನೆಯ ಕೋಣೆಗೆ ಜನ ಮತ್ತು ಸಾಮಾನಿನ ಭಾರವೆಂದು ಭಾರತೀಯ ಮಾನದಂಡ ಐಎಸ್ 875 ಹೇಳುವುದೇ ಚದರ ಮೀಟರಿಗೆ ಸುಮಾರು 200 ಕೆಜಿ. ಅದರ ಅರ್ಧಕ್ಕಿಂತ ಹೆಚ್ಚನ್ನು ಗಾರೆಯೊಂದೇ ತಿನ್ನುತ್ತದೆ. ಸ್ಲ್ಯಾಬ್‌ನ ವಿನ್ಯಾಸದಲ್ಲಿ ನೆಲಹಾಸಿಗೆಂದು ಸಾಮಾನ್ಯವಾಗಿ ಹಿಡಿಯುವುದು ಚದರ ಮೀಟರಿಗೆ 100 ಕೆಜಿ. ಈ ಕ್ರಮದಲ್ಲಿ ನಾವು ಅದನ್ನು ದಾಟಿಬಿಟ್ಟಿದ್ದೆವು.

ಅಂಟಿನ ವಿಷಯ ಇನ್ನೂ ಮುಖ್ಯ. ಶಹಾಬಾದ್ ಕಲ್ಲಾಗಲಿ, ಹಳೆಯ ಮಣ್ಣಿನ ಹೆಂಚಾಗಲಿ ನೀರು ಹೀರುತ್ತವೆ ಅಥವಾ ಬೆನ್ನು ಒರಟಾಗಿರುತ್ತದೆ. ಸಿಮೆಂಟಿನ ತಿಳಿ ಆ ರಂಧ್ರಗಳೊಳಗೆ ಇಳಿದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ವಿಟ್ರಿಫೈಡ್ ಟೈಲ್ ತನ್ನ ತೂಕದ ಶೇ 0.5ರಷ್ಟು ನೀರನ್ನೂ ಹೀರುವುದಿಲ್ಲ. ಅದರ ಬೆನ್ನಿಗೆ ಬರಿಯ ಸಿಮೆಂಟ್ ಸ್ಲರಿ ಹಿಡಿಯಲು ಏನೂ ಇಲ್ಲ. ಹಾಕಿದ ಹೊಸದರಲ್ಲಿ ಎಲ್ಲ ಚೆನ್ನಾಗಿಯೇ ಇರುತ್ತದೆ. ಬಿಸಿಲಿಗೆ, ಚಳಿಗೆ ಟೈಲ್ ಹಿಗ್ಗಿ ಕುಗ್ಗುತ್ತ ಬಂದಂತೆ ಬೆನ್ನು ಸದ್ದಿಲ್ಲದೆ ಬಿಡಿಸಿಕೊಳ್ಳುತ್ತದೆ. ಸಂದು ಬಿಡದೆ ಒತ್ತೊತ್ತಾಗಿ ಜೋಡಿಸಿದ ನೆಲದಲ್ಲಿ ಹಿಗ್ಗಲು ಜಾಗವಿಲ್ಲದೆ ಕೆಲವೊಮ್ಮೆ ಎರಡು ಸಾಲು ಟೈಲ್ ಗುಡಾರದಂತೆ ಮೇಲೆದ್ದು ನಿಲ್ಲುವುದು ಈ ಕಾರಣಕ್ಕೇ. ಎತ್ತಿ ನೋಡಿದರೆ ಟೈಲ್‌ನ ಬೆನ್ನು ತೊಳೆದಿಟ್ಟಂತೆ ಶುಭ್ರವಾಗಿರುತ್ತದೆ, ಸ್ಲರಿಯೆಲ್ಲ ಗಾರೆಯ ಮೇಲೆಯೇ ಉಳಿದಿರುತ್ತದೆ.

ನಾವು ಹಿಡಿದ ದಾರಿ

ಹೀಗಾಗಿ ಮಟ್ಟ ಮಾಡುವ ಕೆಲಸವನ್ನು ಗಾರೆಗೂ, ಅಂಟಿಸುವ ಕೆಲಸವನ್ನು ಅಡ್ಹೆಸಿವ್‌ಗೂ ಹಂಚುವುದೆಂದು ತೀರ್ಮಾನಿಸಿದೆವು. ಆದರೆ ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಅಡ್ಹೆಸಿವ್ ಹಾಕಿದರೆ ಗಾರೆ ಉಳಿಯುತ್ತದೆ ಎಂದು ಅನೇಕರು ನಂಬಿಕೊಂಡಿರುತ್ತಾರೆ. ಟೈಲ್‌ನ ಮೇಲ್ಮೈ ಮಟ್ಟ 50 ಮಿಮೀ ಎಂದೇ ಉಳಿದಿದ್ದರೆ, ಟೈಲ್ 9, ಅಡ್ಹೆಸಿವ್ 5 ಕಳೆದು ಗಾರೆಗೆ ಎತ್ತರದ ಬಿಂದುವಿನಲ್ಲಿ 36 ಮಿಮೀ, ಸರಾಸರಿ 47 ಮಿಮೀ ಬೇಕೇ ಬೇಕಾಗುತ್ತಿತ್ತು. 52ರ ಬದಲು 47. ಉಳಿತಾಯವೆನ್ನುವಂಥದ್ದು ಏನೂ ಇಲ್ಲ, ಅಡ್ಹೆಸಿವ್‌ನ ಖರ್ಚು ಮಾತ್ರ ಮೇಲೆ ಬೀಳುತ್ತಿತ್ತು. ಲಾಭ ಸಿಗುವುದು ನೆಲದ ಮೇಲ್ಮಟ್ಟವನ್ನೇ ಇಳಿಸಲು ಸಾಧ್ಯವಾದಾಗ.

ಅದೃಷ್ಟಕ್ಕೆ ಮೆಟ್ಟಿಲಿಗೆ ಇನ್ನೂ ಗ್ರಾನೈಟ್ ಹಾಕಿರಲಿಲ್ಲ, ಬಾಗಿಲಿನ ಹೊಸ್ತಿಲೂ ಕೂತಿರಲಿಲ್ಲ. ಮಟ್ಟ ಮಾಡುವ ಗಾರೆ ಪದರ, ಅಂದರೆ ಸ್ಕ್ರೀಡ್, ಎತ್ತರದ ಬಿಂದುವಿನಲ್ಲಿ 20 ಮಿಮೀ, ಅಡ್ಹೆಸಿವ್ 5, ಟೈಲ್ 9 ಎಂದು 34 ಮಿಮೀಗೆ ಮಟ್ಟವನ್ನು ಇಳಿಸಿದೆವು. ಮೆಟ್ಟಿಲ ಸಾಲಿನಲ್ಲಿ ಇದರಿಂದ 16 ಮಿಮೀ ವ್ಯತ್ಯಾಸ ಬರುತ್ತದೆ. ಅದನ್ನು ಕೊನೆಯ ಮೆಟ್ಟಿಲಿಗೆ ಮಾತ್ರ ಬಿಟ್ಟರೆ ಹತ್ತುವಾಗ ಕಾಲು ತಪ್ಪುವುದು ಖಂಡಿತ. 20 ಮೆಟ್ಟಿಲುಗಳಿಗೆ ಹಂಚಿದಾಗ ಒಂದೊಂದಕ್ಕೆ ಒಂದು ಮಿಮೀಗಿಂತಲೂ ಕಡಿಮೆ, ಗ್ರಾನೈಟ್‌ನ ಅಡಿಯ ಗಾರೆಯಲ್ಲೇ ಅದು ಕರಗಿಹೋಯಿತು.

ಸ್ಕ್ರೀಡ್‌ನ ಸರಾಸರಿ ದಪ್ಪ 31 ಮಿಮೀ, ಗಾತ್ರ 1.04 ಘನ ಮೀಟರ್. ತೆಳುವಾದ್ದರಿಂದ 1:4 ಪ್ರಮಾಣ ಇಟ್ಟೆವು: ಸಿಮೆಂಟ್ 8 ಚೀಲ, ಎಂ-ಸ್ಯಾಂಡ್ 39 ಘನ ಅಡಿ. ಇಷ್ಟು ತೆಳುವಾದ ಸ್ಕ್ರೀಡ್ ಸ್ಲ್ಯಾಬ್‌ಗೆ ಕಚ್ಚಿಕೊಳ್ಳದಿದ್ದರೆ ಟೊಳ್ಳು ಕೆಳಗಡೆಯೇ ಹುಟ್ಟುತ್ತದೆ. ಆದ್ದರಿಂದ ಸ್ಲ್ಯಾಬ್‌ನ ಮೇಲ್ಮೈಯನ್ನು ಉಳಿಯಿಂದ ಕಚ್ಚು ಹೊಡೆದು, ಗುಡಿಸಿ, ತೊಳೆದು, ನೀರು ನಿಲ್ಲದ ಹಾಗೆ ನೋಡಿಕೊಂಡು ಸಿಮೆಂಟ್ ಸ್ಲರಿ ಬಳಿದು, ಅದು ಹಸಿಯಿರುವಾಗಲೇ ಗಾರೆ ಎಳೆದೆವು. ಸ್ಲರಿಗೆ ಇನ್ನೊಂದೆರಡು ಚೀಲ. ಒಂದು ವಾರ ನೀರುಣಿಸಿ, ಮತ್ತೆ ಒಣಗಲು ಬಿಟ್ಟೆವು. ಹಳೆಯ ಕ್ರಮಕ್ಕಿಂತ ಗಾರೆ ಸುಮಾರು ಒಂದೂವರೆ ಟನ್ ಕಡಿಮೆ. ಅಡ್ಹೆಸಿವ್‌ನ ತೂಕ ಸೇರಿಸಿದ ಮೇಲೂ ಸ್ಲ್ಯಾಬ್ ಮೇಲಿನ ಭಾರ ಹೆಚ್ಚುಕಡಿಮೆ 1.2 ಟನ್ ಇಳಿಯಿತು.

ಇನ್ನು ಅಡ್ಹೆಸಿವ್. ಟೈಲ್‌ನ ಅಳತೆ ಲೆಕ್ಕದೊಳಗೆ ಬರುವುದು ಈ ಹಂತದಲ್ಲಿ. ಟೈಲ್ ದೊಡ್ಡದಾದಷ್ಟು ಅದರಲ್ಲಿ ಸ್ವಲ್ಪ ಬಾಗು ಇದ್ದೇ ಇರುತ್ತದೆ, ಬೆನ್ನಿನ ಪ್ರತಿ ಭಾಗಕ್ಕೂ ಅಡ್ಹೆಸಿವ್ ತಲುಪಬೇಕಾದರೆ ಹಲ್ಲಿನ ಕರಣೆಯ ಹಲ್ಲು ದೊಡ್ಡದಿರಬೇಕು. 300 ಮಿಮೀ ಟೈಲ್‌ಗೆ 6 ಮಿಮೀ ಹಲ್ಲು ಸಾಕು. ಕರಣೆ ಎಳೆದಾಗ ಏಳುವ ಏಣುಗಳು ಒತ್ತಿ ಚಪ್ಪಟೆಯಾದಾಗ ಎತ್ತರದ ಅರ್ಧ, ಅಂದರೆ 3 ಮಿಮೀ ಉಳಿಯುತ್ತದೆ. ಚೀಲದ ಮೇಲಿನ ಲೆಕ್ಕ ಅದೇ. 600×1200ಕ್ಕೆ 10 ಮಿಮೀ ಹಲ್ಲಿನ ಕರಣೆ ಬೇಕು, ಜೊತೆಗೆ ಟೈಲ್‌ನ ಬೆನ್ನಿಗೂ ತೆಳುವಾಗಿ ಒಂದು ಪದರ ಸವರಬೇಕು. ಕರಣೆಯನ್ನು ಓರೆಯಾಗಿ ಹಿಡಿದಷ್ಟು ಏಣು ಗಿಡ್ಡವಾಗುವುದರಿಂದ ಎರಡೂ ಸೇರಿ 5 ಮಿಮೀ ಎಂದು ಹಿಡಿದೆ: 234 ಕೆಜಿ. ಎಷ್ಟೇ ಚೆನ್ನಾಗಿ ಮಟ್ಟ ಮಾಡಿದ ಸ್ಕ್ರೀಡ್‌ನಲ್ಲೂ ಎರಡು ಮೀಟರ್ ಮಟ್ಟಗೋಲಿನ ಅಡಿಯಲ್ಲಿ ಎರಡು ಮೂರು ಮಿಮೀ ಬೆಳಕು ಕಾಣುತ್ತದೆ. ಅದಕ್ಕೆ ಸರಾಸರಿ 1 ಮಿಮೀ, 47 ಕೆಜಿ. ಬಕೆಟ್ಟಿಗೆ, ಕರಣೆಗೆ ಅಂಟಿ ಹೋಗುವುದಕ್ಕೆ ಶೇ 5. ಒಟ್ಟು 295 ಕೆಜಿ, 15 ಚೀಲ. ಕೆಲಸ ಮುಗಿದಾಗ ಹದಿನೈದನೆಯ ಚೀಲದಲ್ಲಿ ಸ್ವಲ್ಪ ಉಳಿದಿತ್ತು. ಅಂಗಡಿಯಲ್ಲಿ ಹೇಳಿದ್ದರ ಎರಡರಷ್ಟಕ್ಕಿಂತ ಹೆಚ್ಚಾದರೂ ಇದು ದುಂದಲ್ಲ, ಈ ಅಳತೆಯ ಟೈಲ್‌ಗೆ ಬೇಕಾದ ನಿಜವಾದ ಪ್ರಮಾಣ. ಭಾರತೀಯ ಮಾನದಂಡ ಐಎಸ್ 15477 ಅಡ್ಹೆಸಿವ್‌ಗಳನ್ನು ಐದು ಟೈಪ್‌ಗಳಾಗಿ ವಿಂಗಡಿಸಿದೆ. ವಿಟ್ರಿಫೈಡ್ ಟೈಲ್ ಆದ್ದರಿಂದ ಟೈಪ್ 2ಕ್ಕಿಂತ ಕೆಳಗಿನದನ್ನು ನಾವು ಒಪ್ಪಲಿಲ್ಲ.

ಲೆಕ್ಕ ಸರಿಯಿದೆಯೇ ಎಂದು ತಿಳಿಯುವ ಜಾಗ ಕಾಗದವಲ್ಲ, ಟೈಲ್‌ನ ಬೆನ್ನು. ಮೊದಲ ದಿನ ಮೂರನೆಯ ಟೈಲ್ ಕೂರಿಸಿದ ಕೂಡಲೇ ಅದನ್ನು ಎತ್ತಿಸಿದೆ. ಎರಡು ಮೂಲೆಗಳಲ್ಲಿ ಅಂಗೈಯಗಲದ ಜಾಗ ಬರಿದಾಗಿತ್ತು, ಮಧ್ಯದಲ್ಲಿ ಏಣಿನ ಗೆರೆಗಳು ಅಚ್ಚೊತ್ತಿದ ಹಾಗೆಯೇ ನಿಂತಿದ್ದವು. ಕೆಲಸಗಾರರು ಕರಣೆಯನ್ನು ಕಮಾನಿನಂತೆ ಸುತ್ತಿ ಎಳೆಯುತ್ತಿದ್ದರು. ಅಂಥ ಸುತ್ತಿನೊಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಎಷ್ಟು ಬಡಿದರೂ ಹೊರಬರುವುದಿಲ್ಲ. ಟೈಲ್‌ನ ಗಿಡ್ಡ ಬದಿಗೆ ಸಮಾನಾಂತರವಾಗಿ ನೇರ ಗೆರೆಗಳಲ್ಲಿ ಎಳೆದು, ಟೈಲ್ ಇಟ್ಟ ಮೇಲೆ ಆ ಗೆರೆಗಳಿಗೆ ಅಡ್ಡಲಾಗಿ ತುಸು ಹಿಂದೆ ಮುಂದೆ ಜಗ್ಗಿ ಒತ್ತುವಂತೆ ಹೇಳಿದೆ. ಬೆನ್ನಿನ ಬಿಳಿಯ ಪುಡಿಯನ್ನು ಒದ್ದೆ ಸ್ಪಂಜಿನಿಂದ ಒರೆಸುವುದನ್ನೂ ಅಲ್ಲಿಂದಲೇ ಶುರು ಮಾಡಿದರು. ಕಾರ್ಖಾನೆಯ ಗೂಡಿನಲ್ಲಿ ಟೈಲ್ ಉರುಳೆಗೆ ಅಂಟದಿರಲು ಹಚ್ಚುವ ಈ ಪುಡಿ ಅಡ್ಹೆಸಿವ್ ಮತ್ತು ಟೈಲ್‌ನ ನಡುವೆ ಉಳಿದರೆ ಅಂಟು ಪುಡಿಗೆ ಹಿಡಿಯುತ್ತದೆಯೇ ಹೊರತು ಟೈಲ್‌ಗಲ್ಲ. ಮುಂದಿನ ಟೈಲ್ ಎತ್ತಿದಾಗ ಬೆನ್ನು ಬಹುತೇಕ ಪೂರ್ತಿ ತುಂಬಿತ್ತು. ಒಣ ಕೋಣೆಯ ನೆಲದಲ್ಲಿ ಬೆನ್ನಿನ ಶೇ 80ರಷ್ಟಾದರೂ, ಬಚ್ಚಲು ಮತ್ತು ಹೊರಾಂಗಣದಲ್ಲಿ ಶೇ 95ರಷ್ಟಾದರೂ ಅಡ್ಹೆಸಿವ್ ಹಿಡಿದಿರಬೇಕು ಎಂಬುದು ಅಮೆರಿಕದ ಮಾನದಂಡ ಸಂಸ್ಥೆ ಎಎನ್ಎಸ್ಐನ ನಿಯಮ, ಅದನ್ನೇ ನಾನು ಅನುಸರಿಸುತ್ತೇನೆ.

ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಇನ್ನೊಂದು ಎಚ್ಚರ ಬೇಕಾಯಿತು. ನೆಲದ ಮೇಲೆ ಎಳೆದ ಅಡ್ಹೆಸಿವ್‌ನ ಮೇಲೆ ಬೇಗನೆ ಕೆನೆ ಕಟ್ಟುತ್ತದೆ. ಬೆರಳಿಟ್ಟು ನೋಡಿದಾಗ ಬೆರಳಿಗೆ ಅಂಟದಿದ್ದರೆ ಆ ಭಾಗವನ್ನು ಕೆರೆದು ತೆಗೆಯಬೇಕು. ಮೇಲೆ ನೀರು ಚಿಮುಕಿಸಿ ಟೈಲ್ ಇಡುವುದು, ಅಥವಾ ಗಟ್ಟಿಯಾಗುತ್ತಿರುವ ಬಕೆಟ್ಟಿಗೆ ನೀರು ಸೇರಿಸುವುದು ಅಂಟನ್ನೇ ಕೊಲ್ಲುತ್ತದೆ. ಒಂದೊಂದು ಸಲಕ್ಕೆ ಎರಡು ಟೈಲ್‌ನಷ್ಟು ಜಾಗಕ್ಕೆ ಮಾತ್ರ ಎಳೆಯುವ ಕ್ರಮ ಇಟ್ಟುಕೊಂಡ ಮೇಲೆ ಕೆರೆದು ಎಸೆದದ್ದು ಬಹಳ ಕಡಿಮೆ.

ಗ್ರೌಟ್

ಟೈಲ್‌ಗಳ ನಡುವಿನ ಸಂದು ತುಂಬುವ ಗ್ರೌಟ್‌ನ ಲೆಕ್ಕ ಸುಲಭ, ಅದರ ಹಿಂದಿನ ಯೋಚನೆಯೂ ಸರಳ. ಪ್ರತಿ ಟೈಲ್‌ನ ಸುತ್ತ ನಾಲ್ಕು ಸಂದುಗಳಿದ್ದರೂ ಪ್ರತಿಯೊಂದನ್ನೂ ಪಕ್ಕದ ಟೈಲ್‌ನೊಂದಿಗೆ ಹಂಚಿಕೊಳ್ಳುವುದರಿಂದ, ಒಂದು ಟೈಲ್‌ನ ಪಾಲಿಗೆ ಬರುವುದು ಒಂದು ಉದ್ದ ಮತ್ತು ಒಂದು ಅಗಲ. ಅದನ್ನು ಟೈಲ್‌ನ ವಿಸ್ತೀರ್ಣದಿಂದ ಭಾಗಿಸಿ, ಸಂದಿನ ಅಗಲ ಮತ್ತು ಆಳದಿಂದ ಗುಣಿಸಿದರೆ ಗಾತ್ರ, ಗ್ರೌಟ್‌ನ ಸಾಂದ್ರತೆ 1.6ರಿಂದ ಗುಣಿಸಿದರೆ ತೂಕ. ಅಳತೆಗಳೆಲ್ಲ ಮಿಮೀಯಲ್ಲಿದ್ದರೆ ಉತ್ತರ ಚದರ ಮೀಟರಿಗೆ ಕೆಜಿಯಲ್ಲಿ ಬರುತ್ತದೆ.

```
(ಉದ್ದ + ಅಗಲ) ÷ (ಉದ್ದ × ಅಗಲ) × ಸಂದು × ಆಳ × 1.6
(600 + 1200) ÷ (600 × 1200) × 3 × 9 × 1.6 = 0.108
```

3 ಮಿಮೀ ಸಂದಿಗೆ ಈ ಹಾಲ್‌ನಲ್ಲಿ 3.6 ಕೆಜಿ, ಒರೆಸುವಾಗ ಸ್ಪಂಜಿಗೆ ಹೋಗುವುದನ್ನು ಸೇರಿಸಿ ನಾಲ್ಕೂಕಾಲು ಕೆಜಿ. ಒಂದು ಕೆಜಿಯ ಐದು ಪೊಟ್ಟಣ ತರಿಸಿದೆವು. ಸಂದು ಕಂಡರೆ ನೆಲ ಕೊಳೆಯಾಗುತ್ತದೆ ಎಂದು ಮನೆಯವರು 2 ಮಿಮೀಗೆ ಇಳಿಸಲು ಕೇಳಿದ್ದರು. ಅದರಿಂದ ಉಳಿಯುವುದು ಒಂದೂಕಾಲು ಕೆಜಿಯಷ್ಟು ಗ್ರೌಟ್, ಕಳೆದುಕೊಳ್ಳುವುದು ಟೈಲ್ ಅಳತೆಯಲ್ಲಿರುವ ಸಣ್ಣ ವ್ಯತ್ಯಾಸಗಳನ್ನು ಹೊಂದಿಸಿಕೊಳ್ಳುವ ಅವಕಾಶ. ಆದ್ದರಿಂದ 3 ಮಿಮೀಯನ್ನೇ ಉಳಿಸಿಕೊಂಡೆವು. ಅದೇ ಮನೆಯ ಬಚ್ಚಲ ನೆಲದ 300×300 ಮಿಮೀ, 8 ಮಿಮೀ ದಪ್ಪದ ಟೈಲ್‌ಗೆ ಇದೇ ಸಂದಿನಲ್ಲಿ ಚದರ ಮೀಟರಿಗೆ 0.26 ಕೆಜಿ ಬೇಕಾಯಿತು, ಹೆಚ್ಚುಕಡಿಮೆ ಎರಡೂವರೆ ಪಟ್ಟು. 25 ಮಿಮೀಯ ಮೊಸಾಯಿಕ್ ಹಾಕಿಸುವವರಿಗೆ, 4 ಮಿಮೀ ದಪ್ಪ, 2 ಮಿಮೀ ಸಂದಿನಲ್ಲೇ ಚದರ ಮೀಟರಿಗೆ ಒಂದು ಕೆಜಿ ದಾಟುತ್ತದೆ. ಟೈಲ್ ಚಿಕ್ಕದಾದಂತೆ ಅಡ್ಹೆಸಿವ್ ಇಳಿಯುತ್ತದೆ, ಗ್ರೌಟ್ ಏರುತ್ತದೆ.

ಈ ಸೂತ್ರ ಸಂದಿನ ಪೂರ್ತಿ ಆಳ ಖಾಲಿಯಿದೆ ಎಂದು ಹಿಡಿದಿರುತ್ತದೆ. ಟೈಲ್ ಒತ್ತುವಾಗ ಅಡ್ಹೆಸಿವ್ ಸಂದಿನೊಳಗೆ ಏರಿ ಬಂದು ಅಲ್ಲೇ ಗಟ್ಟಿಯಾದರೆ ಗ್ರೌಟ್ ಎರಡು ಮಿಮೀ ತೆಳು ಪದರವಾಗಿ ಮೇಲೆ ಕೂರುತ್ತದೆ, ಕೆಲವೇ ತಿಂಗಳಲ್ಲಿ ಚಕ್ಕೆಯಾಗಿ ಏಳುತ್ತದೆ. ತಂದ ಗ್ರೌಟ್ ಅರ್ಧಕ್ಕಿಂತ ಹೆಚ್ಚು ಮಿಕ್ಕಿತೆಂದರೆ ಅದು ಉಳಿತಾಯವಲ್ಲ, ಸಂದು ತುಂಬಿಲ್ಲ ಎಂಬುದರ ಸುಳಿವು. ಇಲ್ಲಿ ಪ್ರತಿ ಸಂಜೆ, ಅಡ್ಹೆಸಿವ್ ಹಸಿಯಿರುವಾಗಲೇ ಸಂದುಗಳನ್ನು ಚಪ್ಪಟೆ ಕಡ್ಡಿಯಿಂದ ಟೈಲ್‌ನ ದಪ್ಪದ ಮೂರನೆಯ ಎರಡು ಭಾಗದವರೆಗಾದರೂ ಕೆರೆಸಿದೆ. ಗೋಡೆಯ ಅಂಚಿನಲ್ಲಿ ಬಿಟ್ಟ 8 ಮಿಮೀ ಸಂದಿಗೆ ಗ್ರೌಟ್ ಹಾಕಲೇ ಇಲ್ಲ. ನೆಲ ಹಿಗ್ಗಲು ಬೇಕಾದ ಆ ಜಾಗ ಸ್ಕರ್ಟಿಂಗ್‌ನ ಅಡಿಯಲ್ಲಿ ಮರೆಯಾಗಿ ಖಾಲಿಯಾಗಿಯೇ ಉಳಿಯಿತು.

ಮನೆಯ ಮುಂದಿನ 80 ಚದರ ಅಡಿ ಜಗಲಿಗೆ ಹಾಕಿದ್ದು ಶಹಾಬಾದ್ ಕಲ್ಲು. ಅಲ್ಲಿ ಹಲ್ಲಿನ ಕರಣೆಗೆ ಕೆಲಸವಿಲ್ಲ, ಏಕೆಂದರೆ ಒಂದೊಂದು ಕಲ್ಲಿನ ದಪ್ಪ ಒಂದೊಂದು ತರಹ, ಒಂದೇ ಕಲ್ಲಿನ ಎರಡು ತುದಿಗಳೂ ಸಮನಾಗಿರುವುದಿಲ್ಲ. 40 ಮಿಮೀ ಸರಾಸರಿ ದಪ್ಪದ 1:4 ಗಾರೆಯ ಮೇಲೆ, ಚದರ ಮೀಟರಿಗೆ 3.3 ಕೆಜಿ ಸ್ಲರಿಯೊಂದಿಗೆ ಮೇಸ್ತ್ರಿ ಅದನ್ನು ತಮ್ಮ ಕ್ರಮದಲ್ಲೇ ಕೂರಿಸಿದರು: ಸಿಮೆಂಟ್ ಮೂರು ಚೀಲಕ್ಕೆ ಸ್ವಲ್ಪ ಕಡಿಮೆ, ಎಂ-ಸ್ಯಾಂಡ್ 11 ಘನ ಅಡಿ.